ಚೈತ್ರಾಳ ಪ್ರಗತಿ ವರದಿ: 3ನೇ ತರಗತಿ, ಮೊದಲ ಸೆಮಿಸ್ಟರ್

ಚೈತ್ರಾಳ ತಂದೆ ತಾಯಿಗೆ ನಮಸ್ಕಾರ.

ಈ ಸಲ ಅಂಕ, ಗ್ರೇಡ್, ರ‍್ಯಾಂಕ್ ಯಾವುದೂ ಇಲ್ಲ. 3ನೇ ತರಗತಿಯ ಮಗು ಏನೇನು ಕಲಿತಿರಬೇಕು ಅಂತ ಪಟ್ಟಿ ಇದೆ. ಅದರಲ್ಲಿ ಚೈತ್ರಾ ಯಾವುದನ್ನು ತಾನೇ ಮಾಡುತ್ತಾಳೆ, ಯಾವುದಕ್ಕೆ ಸ್ವಲ್ಪ ನೆರವು ಬೇಕು, ಯಾವುದನ್ನು ಈಗಷ್ಟೇ ಶುರು ಮಾಡಿದ್ದಾಳೆ ಎಂದು ಬರೆದಿದ್ದೇನೆ. ಬೇರೆ ಮಕ್ಕಳ ಜೊತೆ ಹೋಲಿಸಿಲ್ಲ.

ಕನ್ನಡ

ಕೇಳಿದ ಕಥೆಯನ್ನು ತನ್ನ ಮಾತಿನಲ್ಲಿ ಹೇಳುವುದು: ತಾನೇ ಮಾಡುತ್ತಾಳೆ. ಕಾಗೆ, ಹಾವಿನ ಕಥೆಯನ್ನು ಹಾವಿನ ಕಡೆಯಿಂದ ಹೇಳಿ ಇಡೀ ತರಗತಿಯನ್ನು ನಗಿಸಿದಳು.

ಅರ್ಥ ಮಾಡಿಕೊಂಡು ಓದುವುದು: ಸ್ವಲ್ಪ ನೆರವು ಬೇಕು. ಹೊಸ ಪಾಠವನ್ನು ನಿಮಿಷಕ್ಕೆ ಸುಮಾರು 45 ಪದದಷ್ಟು ಓದುತ್ತಾಳೆ. 3ನೇ ತರಗತಿ ಮುಗಿಯುವಾಗ ಕನಿಷ್ಠ 60 ಪದ ಎಂಬುದು ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆಯ ಗುರಿ. ಎರಡು ಒತ್ತು ಬಂದ ಪದದಲ್ಲಿ, ಉದಾಹರಣೆಗೆ ‘ಸ್ವಾತಂತ್ರ್ಯ’ದಲ್ಲಿ, ನಿಲ್ಲುತ್ತಾಳೆ. ಆದರೆ ಓದಿದ್ದರ ಬಗ್ಗೆ ಕೇಳಿದರೆ ಸರಿಯಾದ ಉತ್ತರ ಕೊಡುತ್ತಾಳೆ. ಹಾಗಾಗಿ ವೇಗಕ್ಕಾಗಿ ಅವಸರ ಮಾಡಬೇಡಿ.

ಬರೆಯುವುದು: ಮೂರು ನಾಲ್ಕು ವಾಕ್ಯ ತಾನೇ ಬರೆಯುತ್ತಾಳೆ. ‘ಹಾಲು’ ಬರೆಯುವಾಗ ‘ಆಲು’ ಆಗುತ್ತದೆ. ನಾವು ಮಾತಾಡುವುದೇ ಹಾಗಲ್ವಾ! ಅದಕ್ಕೆ ಬೈಯಬೇಡಿ, ನಿಧಾನವಾಗಿ ಸರಿ ಹೋಗುತ್ತದೆ.

ಗಣಿತ

9999ರವರೆಗಿನ ಸಂಖ್ಯೆ ಓದಿ ಬರೆಯುವುದು ಈ ವರ್ಷದ ಗುರಿ. ಈಗ 999ರವರೆಗೆ ತಾನೇ ಬರೆಯುತ್ತಾಳೆ. ಕೂಡುವುದು ಚೆನ್ನಾಗಿ ಬರುತ್ತದೆ.

ದಶಕ ಪಡೆದು ಕಳೆಯುವುದು: ನೆರವು ಬೇಕು, ಅದೂ ನಡುವೆ ಸೊನ್ನೆ ಇದ್ದಾಗ ಜಾಸ್ತಿ. 403ರಲ್ಲಿ 157 ಕಳೆದು 256 ಎಂದು ಬರೆದಿದ್ದಳು. ನೂರರ ಮನೆಯಿಂದ ಒಂದು ತಂದು ಹತ್ತರ ಮನೆಗೆ ಹಾಕಿದ್ದಾಳೆ. ಅಲ್ಲಿಂದ ಬಿಡಿಗೆ ಒಂದು ಕೊಟ್ಟ ಮೇಲೆ ಅಲ್ಲಿ ಒಂಬತ್ತೇ ಉಳಿಯುತ್ತದೆ ಎಂಬುದನ್ನು ಮರೆತಿದ್ದಾಳೆ. ಕಡ್ಡಿ ಕಟ್ಟು ಕೊಟ್ಟು ಮತ್ತೆ ಮಾಡಿಸಿದೆ. ಒಂದು ಕಟ್ಟು ಬಿಚ್ಚಿದ ಕೂಡಲೇ ಅವಳಿಗೇ ಗೊತ್ತಾಯಿತು, 246 ಎಂದು ತಿದ್ದಿದಳು. ಪುಸ್ತಕದಲ್ಲಿ ಸುಮ್ನೆ ಕೆಂಪು ಗೀಟು ಹಾಕಿದ್ದರೆ ಇದು ಕಾಣುತ್ತಿರಲಿಲ್ಲ.

ಮಗ್ಗಿ 5ರವರೆಗೆ ಬರುತ್ತದೆ. ಗುಣಾಕಾರದ ಮಾತಿನ ಲೆಕ್ಕ ಈಗಷ್ಟೇ ಶುರು.

ಪರಿಸರ ಅಧ್ಯಯನ

ನೋಡಿ, ಗುರುತು ಹಾಕಿಕೊಳ್ಳುವುದರಲ್ಲಿ ಚೈತ್ರಾ ತುಂಬಾ ಚುರುಕು. ಹುರುಳಿ ಕಾಳು ಮೊಳೆಯುವುದನ್ನು ದಿನಾ ಚಿತ್ರ ಬಿಡಿಸಿ ಇಟ್ಟಿದ್ದಾಳೆ. ಬೇರು ಮೊದಲು, ಎಲೆ ಆಮೇಲೆ ಬಂತು ಎಂದು ಯಾರೂ ಹೇಳಿಕೊಡದೆ ಬರೆದಳು.

ಇಂಗ್ಲಿಷ್

ಚಿತ್ರ ನೋಡಿ ಪದ ಹೇಳುತ್ತಾಳೆ. ವಾಕ್ಯಕ್ಕೆ ನೆರವು ಬೇಕು.

ಗುಂಪಿನಲ್ಲಿ

ಹಿಂದೆ ಉಳಿದವರಿಗೆ ತಾಳ್ಮೆಯಿಂದ ಹೇಳಿಕೊಡುತ್ತಾಳೆ. ತನಗೆ ಬಾರದಿದ್ದಾಗ ಕೇಳಲು ಮಾತ್ರ ಹಿಂಜರಿಯುತ್ತಾಳೆ. ಮುಂದಿನ ಸೆಮಿಸ್ಟರ್‌ನಲ್ಲಿ ನಾನು ಹೆಚ್ಚು ಗಮನ ಕೊಡುವುದು ಇದಕ್ಕೇ.

ಮನೆಯಲ್ಲಿ

ಅಂಗಡಿಯಲ್ಲಿ ಚಿಲ್ಲರೆ ಕೊಡುವ ಕೆಲಸ ಅವಳಿಗೆ ಬಿಡಿ. 100 ರೂಪಾಯಿಗೆ 37 ಹಿಡಿದು ಎಷ್ಟು ವಾಪಸ್ ಎಂದು ಅವಳೇ ಹೇಳಲಿ. ಇದೂ ಸೊನ್ನೆಯಿಂದ ಕಳೆಯುವ ಲೆಕ್ಕವೇ. ರಾತ್ರಿ ಹತ್ತು ನಿಮಿಷ ಅಜ್ಜಿಗೆ ಕಥೆ ಓದಿ ಹೇಳಲಿ.

ದಸರಾ ರಜೆ ಮುಗಿದ ಮೊದಲ ಶನಿವಾರ ಶಾಲೆ ಬಿಟ್ಟ ಮೇಲೆ ಬನ್ನಿ, ಚೈತ್ರಾಳನ್ನೂ ಕೂರಿಸಿಕೊಂಡು ಮಾತಾಡೋಣ. ಅವಳ ಗಣಿತದ ನೋಟ್‌ಬುಕ್ ತನ್ನಿ.

ತರಗತಿ ಶಿಕ್ಷಕಿ