ಒಂದೇ ಮನೆ

ಸಾಗರದ ಆ ಸಭಾಭವನದಲ್ಲಿ ಉಳಿದ ಆಟಗಳೆಲ್ಲ ಮುಗಿದಿದ್ದವು. ಕೊನೆಯ ಸುತ್ತಿನ ಮೊದಲ ಮೇಜಿನ ಸುತ್ತ ಮಾತ್ರ ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಒಂದು ಕಡೆ ಎಂಟನೆಯ ತರಗತಿಯ ಮೇದಿನಿ, ಎದುರಿಗೆ ನಿವೃತ್ತ ಪೋಸ್ಟ್‌ಮಾಸ್ಟರ್ ರಾಯರು. ಇಬ್ಬರಿಗೂ ಐದೂವರೆ ಅಂಕ. ಗೆದ್ದವರಿಗೆ ಕಪ್.

ಆನೆ, ಕುದುರೆ, ಒಂಟೆ, ಮಂತ್ರಿ ಯಾವುದೂ ಉಳಿದಿರಲಿಲ್ಲ. ಮೇದಿನಿಯ ಬಿಳಿ ರಾಜ ಡಿ5ರಲ್ಲಿ, ರಾಯರ ಕಪ್ಪು ರಾಜ ಎಫ್4ರಲ್ಲಿ. ನಡುವೆ ಇ4ರ ಬಿಳಿ ಪದಾತಿಯೂ ಇ5ರ ಕಪ್ಪು ಪದಾತಿಯೂ ಮುಖಾಮುಖಿ. ಇಬ್ಬರು ರಾಜರೂ ತಮ್ಮ ಪದಾತಿಯನ್ನು ಕಾಯುತ್ತಲೇ ಇನ್ನೊಬ್ಬರದಕ್ಕೆ ಹೊಂಚು ಹಾಕಿದ್ದರು. ಯಾರ ರಾಜ ಮೊದಲು ಕದಲುತ್ತಾನೋ ಅವರ ಪದಾತಿ ಹೋಯಿತು. ಅದರ ಬೆನ್ನಿಗೇ ಆಟವೂ ಹೋಯಿತು. ‘ಈ ಸಲ ನನಗೆ ನಡೆ ಬೇಡ’ ಎನ್ನಲು ಚದುರಂಗದಲ್ಲಿ ಅವಕಾಶವಿಲ್ಲ. ಸರದಿ ಮೇದಿನಿಯದಾಗಿತ್ತು.

ಗಡಿಯಾರದಲ್ಲಿ ಎರಡು ನಿಮಿಷವೂ ಇರಲಿಲ್ಲ.

ಅವಳ ಕಣ್ಣು ಎಡ ಅಂಚಿಗೆ ಹೊರಳಿತು. ಎ2ರಲ್ಲಿ ಆಟದ ಆರಂಭದಿಂದಲೂ ಕದಲದೆ ನಿಂತಿದ್ದ ಒಂದು ಪದಾತಿ, ಎ6ರಲ್ಲಿ ರಾಯರದೊಂದು. ಕೈ ಅಲ್ಲಿಗೆ ಹೋಯಿತು. ಬೆರಳು ತಾಕಿತು. ಮುಟ್ಟಿದ ಕಾಯಿಯನ್ನೇ ನಡೆಸಬೇಕು, ಆದರೆ ಎಷ್ಟು ಮನೆ ಎಂಬುದು ಇನ್ನೂ ಅವಳ ಕೈಯಲ್ಲೇ ಇತ್ತು.

ಮೊದಲ ಸಲ ಕದಲುವ ಪದಾತಿಯನ್ನು ಎರಡು ಮನೆ ಮುಂದಿಡುವುದು ಎಲ್ಲರ ಕೈಗೂ ಅಂಟಿದ ಅಭ್ಯಾಸ. ಅವಳೂ ಅದನ್ನು ಎ4ರ ಮೇಲಕ್ಕೆ ಒಯ್ದಳು. ಕೆಳಗಿಡದೆ ಲೆಕ್ಕ ಹಾಕಿದಳು: ಇಲ್ಲಿಟ್ಟರೆ ಅವರು ಎ5ಕ್ಕೆ ಬರುತ್ತಾರೆ. ಎರಡೂ ಕಟ್ಟಿಕೊಳ್ಳುತ್ತವೆ. ಆಗ ನನ್ನ ರಾಜನೇ ಕದಲಬೇಕು. ಒಂದೇ ಮನೆ ಇಟ್ಟರೆ? ಅವರು ಎ5, ನಾನು ಎ4. ಆಗ ಕದಲಬೇಕಾದವರು ಅವರು.

ಪದಾತಿಯನ್ನು ಹಿಂದಕ್ಕೆ ತಂದು ಎ3ರಲ್ಲಿಟ್ಟು ಗಡಿಯಾರ ಒತ್ತಿದಳು.

ಹಿಂದೆ ನಿಂತಿದ್ದವರಲ್ಲಿ ಯಾರೋ ನಿರಾಸೆಯಿಂದ ನಾಲಿಗೆ ಲೊಚಗುಟ್ಟಿದರು. ಹೊಡೆತವಿಲ್ಲ, ಚೆಕ್ ಇಲ್ಲ. ಅಂಚಿನಲ್ಲಿ ಒಂದು ಹೆಜ್ಜೆ, ಅಷ್ಟೇ. ರಾಯರಿಗೆ ಮಾತ್ರ ಅದು ತಕ್ಷಣ ಅರ್ಥವಾಯಿತು. ಎ5ರತ್ತ ಚಾಚಿದ ಕೈ ಅರ್ಧಕ್ಕೇ ನಿಂತಿತು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ಪದಾತಿಯನ್ನು ಮುಂದಿಟ್ಟರು. ಮೇದಿನಿ ಎ4 ಆಡಿದಳು. ಈಗ ರಾಯರ ಬಳಿ ರಾಜನ ನಡೆಗಳಷ್ಟೇ ಉಳಿದವು. ಯಾವುದನ್ನು ಆಡಿದರೂ ಇ5 ಬಿದ್ದುಹೋಗುತ್ತಿತ್ತು.

ಅವರು ಗಡಿಯಾರ ನಿಲ್ಲಿಸಿ ಕೈ ಚಾಚಿದರು.

“ಎರಡು ಮನೆ ಇಡುತ್ತೀ ಅಂದುಕೊಂಡೇ ರಾಜನನ್ನು ಅಲ್ಲಿಗೆ ತಂದಿದ್ದೆ, ಮಗೂ.”

“ಇಡುವುದರಲ್ಲಿದ್ದೆ ಸರ್.”

“ಅದನ್ನು ನೋಡಿದೆ. ಎಲ್ಲಿ, ಕಾಯಿಗಳನ್ನು ಮತ್ತೆ ಜೋಡಿಸು. ರಾಜನನ್ನು ಇ4ರ ಹತ್ತಿರ ತರದೆ ನಾನು ಮೊದಲೇ ಎ5 ಆಡಿದ್ದರೆ ಏನಾಗುತ್ತಿತ್ತು, ನೋಡೋಣ.”

ತೀರ್ಪುಗಾರರು ಸಹಿಗೆಂದು ಫಲಿತಾಂಶದ ಚೀಟಿ ಹಿಡಿದು ಬಂದಾಗ ಮೇದಿನಿ ಆಗಲೇ ಬಿಳಿ ಪದಾತಿಯನ್ನು ಎ2ಕ್ಕೆ ತಂದಿಟ್ಟಿದ್ದಳು.