ಪಾಳಿವಾರು ಯಂತ್ರ ಸ್ಥಗಿತ ಮತ್ತು ಓಇಇ ವರದಿ: ಸಿಎನ್‌ಸಿ ಲೇತ್ 4, 12-03-2025

ಇವರಿಗೆ: ಕಾರ್ಖಾನೆ ವ್ಯವಸ್ಥಾಪಕರು
ಪ್ರತಿ: ನಿರ್ವಹಣಾ ವಿಭಾಗ, ಗುಣಮಟ್ಟ ವಿಭಾಗ, ಮೂರೂ ಪಾಳಿಗಳ ಮೇಲ್ವಿಚಾರಕರು

ಶಾಫ್ಟ್ ತಯಾರಿಕೆಯ ಲೇತ್ 4ರ ಉತ್ಪಾದನಾ ಲಾಗ್ ಪುಸ್ತಕದಲ್ಲಿರುವ ನಮೂದುಗಳನ್ನು ಆಧರಿಸಿ ಈ ವರದಿಯನ್ನು ಸಿದ್ಧಪಡಿಸಲಾಗಿದೆ. ರಾತ್ರಿ 22:00ಕ್ಕೆ ಆರಂಭವಾಗಿ ಮರುದಿನ ಬೆಳಿಗ್ಗೆ 06:00ಕ್ಕೆ ಮುಗಿಯುವ ಮೂರನೇ ಪಾಳಿಯನ್ನು ಅದು ಆರಂಭವಾದ ದಿನಾಂಕಕ್ಕೇ ಸೇರಿಸಲಾಗಿದೆ. ಪ್ರತಿ ಪಾಳಿಯ 480 ನಿಮಿಷಗಳಲ್ಲಿ ಊಟದ 30 ನಿಮಿಷ, ಪಾಳಿ ಹಸ್ತಾಂತರ ಮತ್ತು ಶುಚಿಗೊಳಿಸುವಿಕೆಯ 10 ನಿಮಿಷಗಳನ್ನು ಕಳೆದು, ಯೋಜಿತ ಸಮಯವನ್ನು 440 ನಿಮಿಷಗಳೆಂದು ಪರಿಗಣಿಸಲಾಗಿದೆ. ಒಂದು ಶಾಫ್ಟ್‌ಗೆ ನಿಗದಿಯಾದ ಸೈಕಲ್ ಟೈಮ್ 66 ಸೆಕೆಂಡ್ ಆಗಿರುವುದರಿಂದ, ಎಲ್ಲಿಯೂ ನಷ್ಟವಾಗದಿದ್ದರೆ ಒಂದು ಪಾಳಿಯಲ್ಲಿ 400 ಶಾಫ್ಟ್‌ಗಳು ತಯಾರಾಗಬೇಕು.

| ವಿವರ | ಪಾಳಿ 1 | ಪಾಳಿ 2 | ಪಾಳಿ 3 | ದಿನದ ಒಟ್ಟು |
|---|---|---|---|---|
| ಸ್ಥಗಿತ (ನಿಮಿಷ) | 55 | 99 | 22 | 176 |
| ಓಡಿದ ಸಮಯ (ನಿಮಿಷ) | 385 | 341 | 418 | 1144 |
| ಒಟ್ಟು ಶಾಫ್ಟ್ | 322 | 279 | 285 | 886 |
| ರಿಜೆಕ್ಟ್ | 7 | 18 | 3 | 28 |
| ಲಭ್ಯತೆ % | 87.5 | 77.5 | 95.0 | 86.7 |
| ಕಾರ್ಯವೇಗ % | 92.0 | 90.0 | 75.0 | 85.2 |
| ಗುಣಮಟ್ಟ % | 97.8 | 93.5 | 98.9 | 96.8 |
| ಓಇಇ % | 78.8 | 65.3 | 70.5 | 71.5 |

ದಿನದ ಪ್ರಮಾಣಗಳನ್ನು ಮೂರು ಪಾಳಿಗಳ ಶೇಕಡಾವಾರುಗಳ ಸರಾಸರಿಯಿಂದಲ್ಲ, ಒಟ್ಟು ನಿಮಿಷ ಮತ್ತು ಒಟ್ಟು ಶಾಫ್ಟ್‌ಗಳಿಂದ ಲೆಕ್ಕ ಹಾಕಲಾಗಿದೆ.

ಮೊದಲ ಪಾಳಿಯಲ್ಲಿ ಜಾಬ್ ಬದಲಾವಣೆಗೆ 35 ನಿಮಿಷ, ಇನ್ಸರ್ಟ್ ಬದಲಾವಣೆಗೆ 20 ನಿಮಿಷ ಹಿಡಿದಿದ್ದು, ಎರಡಕ್ಕೂ ಆರಂಭ ಮತ್ತು ಮುಕ್ತಾಯದ ಸಮಯವನ್ನು ಸರಿಯಾಗಿ ಬರೆಯಲಾಗಿದೆ.

ಎರಡನೇ ಪಾಳಿಯಲ್ಲಿ 16:10ಕ್ಕೆ ಹೈಡ್ರಾಲಿಕ್ ಚಕ್‌ನ ಒತ್ತಡ ಕುಸಿದು ಯಂತ್ರ ನಿಂತಿತು; ನಿರ್ವಹಣಾ ಸಿಬ್ಬಂದಿ 16:32ಕ್ಕೆ ಬಂದರು; ಸೀಲ್ ಬದಲಿಸಿ 17:18ಕ್ಕೆ ಯಂತ್ರವನ್ನು ಮತ್ತೆ ಓಡಿಸಲಾಯಿತು. ಈ 68 ನಿಮಿಷಗಳಲ್ಲಿ ದುರಸ್ತಿಗೆ ಹಿಡಿದದ್ದು 46 ನಿಮಿಷ ಮಾತ್ರ. ಉಳಿದ 22 ನಿಮಿಷ ಸಿಬ್ಬಂದಿಗಾಗಿ ಕಾದದ್ದು. ಆದ್ದರಿಂದ ಪೂರ್ಣ 68 ನಿಮಿಷವನ್ನು ‘ಚಕ್ ದೋಷ’ ಎಂಬ ಒಂದೇ ತಲೆಬರಹದಡಿ ತೋರಿಸುವುದು ಸರಿಯಲ್ಲ. ದುರಸ್ತಿಯ ನಂತರದ ಮೊದಲ ತಪಾಸಣೆ ನಮೂದಾಗಿರುವುದು 17:40ಕ್ಕೆ. ಅಷ್ಟರೊಳಗೆ ತಯಾರಾದ ಶಾಫ್ಟ್‌ಗಳಲ್ಲಿ 11 ರನ್‌ಔಟ್ ಮಿತಿ ಮೀರಿ ರಿಜೆಕ್ಟ್ ಆಗಿವೆ. ಜಾ ಕಳಚಿ ಕೂರಿಸಿದ ಮೇಲೆ ಮೊದಲ ಶಾಫ್ಟ್ ಅನ್ನು ಅಳೆದ ನಂತರವೇ ಉತ್ಪಾದನೆ ಮುಂದುವರಿಸಿದ್ದರೆ ಈ ನಷ್ಟದ ಬಹುಭಾಗ ತಪ್ಪುತ್ತಿತ್ತು. ಕಚ್ಚಾ ಬಾರ್ ಬಾರದೆ 20:05ರಿಂದ 20:36ರವರೆಗೆ ಯಂತ್ರ ಖಾಲಿ ನಿಂತ 31 ನಿಮಿಷವನ್ನೂ ಸ್ಥಗಿತದಲ್ಲಿ ಸೇರಿಸಲಾಗಿದೆ. ಇದು ಯಂತ್ರದ ದೋಷವಲ್ಲ ಎಂಬುದು ನಿಜವಾದರೂ, ಉತ್ಪಾದನೆಗೆಂದು ಯೋಜಿಸಿದ ಸಮಯ ಅದು. ಅದನ್ನು ಕೈಬಿಟ್ಟರೆ ಲಭ್ಯತೆಯಲ್ಲಿ ವಾಸ್ತವವಾಗಿ ಇಲ್ಲದ ಏರಿಕೆ ಕಾಣಿಸುತ್ತದೆ.

ಹೆಚ್ಚು ಗಮನ ಬೇಡುವುದು ಮೂರನೇ ಪಾಳಿ. ಲಭ್ಯತೆ 95 ಶೇಕಡಾ ಇರುವುದರಿಂದ ಮೇಲ್ನೋಟಕ್ಕೆ ಇದೇ ಉತ್ತಮ ಪಾಳಿ ಎನಿಸುತ್ತದೆ. ಆದರೆ ಕಾರ್ಯವೇಗ 75 ಶೇಕಡಾಕ್ಕೆ ಇಳಿದಿದೆ. ಗಂಟೆವಾರು ಎಣಿಕೆಯನ್ನು ನೋಡಿದರೆ, ಗಂಟೆಗೆ 54 ಶಾಫ್ಟ್ ಸಾಧ್ಯವಿರುವಲ್ಲಿ 02:00ರಿಂದ 03:00ರವರೆಗೆ 26, ಅದರ ಮುಂದಿನ ಗಂಟೆಯಲ್ಲಿ 19 ಮಾತ್ರ ತಯಾರಾಗಿವೆ. ಸ್ಥಗಿತದ ಅಂಕಣದಲ್ಲಿ ಈ ಎರಡು ಗಂಟೆಗಳಿಗೆ ಯಾವ ನಮೂದೂ ಇಲ್ಲ. ಷರಾ ಅಂಕಣದಲ್ಲಿ ಮಾತ್ರ ‘ಚಿಪ್ ಸುತ್ತಿಕೊಂಡಿತ್ತು, ತೆಗೆದು ಓಡಿಸಲಾಗಿದೆ’ ಎಂದು ಸಮಯವಿಲ್ಲದೆ ನಾಲ್ಕು ಬಾರಿ ಬರೆಯಲಾಗಿದೆ. ಬರೆದಿರುವ 22 ನಿಮಿಷಗಳು ಇನ್ಸರ್ಟ್ ಬದಲಾವಣೆ ಮತ್ತು ಕೂಲಂಟ್ ತುಂಬಿಸುವಿಕೆಗೆ ಸಂಬಂಧಿಸಿದವು.

ಆ ಎರಡು ಗಂಟೆಗಳ ಕೊರತೆ ಸುಮಾರು 70 ನಿಮಿಷಗಳ ಉತ್ಪಾದನೆಗೆ ಸಮ. ಅಷ್ಟೂ ಹೊತ್ತು ಯಂತ್ರ ನಿಂತಿತ್ತೆಂದು ಭಾವಿಸಿದರೆ ಲಭ್ಯತೆ 79.1ಕ್ಕೆ ಇಳಿದು ಕಾರ್ಯವೇಗ 90.1ಕ್ಕೆ ಏರುತ್ತದೆ, ಓಇಇ ಮಾತ್ರ 70.5ರಲ್ಲೇ ಉಳಿಯುತ್ತದೆ. ಅಂದರೆ ನಮೂದು ತಪ್ಪಿದ್ದರಿಂದ ಒಟ್ಟು ಅಂಕಿ ಬದಲಾಗಿಲ್ಲ, ಆದರೆ ನಷ್ಟದ ಕಾರಣ ಬೇರೆ ಕಡೆ ಕಾಣುತ್ತಿದೆ. ಕಾರ್ಯವೇಗ ಕಡಿಮೆ ಎಂದು ಓದಿದವರು ಆಪರೇಟರ್ ನಿಧಾನವಾಗಿ ಕೆಲಸ ಮಾಡಿದ್ದಾರೆಂದು ತಿಳಿಯುವ ಸಾಧ್ಯತೆಯಿದ್ದು, ಷರಾಗಳನ್ನು ಗಮನಿಸಿದರೆ ಅದು ಅವರಿಗೆ ಅನ್ಯಾಯವಾದೀತು. ಪ್ರತಿ ನಿಲುಗಡೆಯ ಅವಧಿ ದಾಖಲಾಗಿಲ್ಲದ ಕಾರಣ ಪಟ್ಟಿಯಲ್ಲಿ ಲಾಗ್‌ನ ಅಂಕಿಗಳನ್ನೇ ಉಳಿಸಿಕೊಳ್ಳಲಾಗಿದೆ.

ಐದು ನಿಮಿಷಕ್ಕಿಂತ ಹೆಚ್ಚಿನ ನಿಲುಗಡೆಯನ್ನು ಮಾತ್ರ ಸ್ಥಗಿತವೆಂದು ಬರೆಯುವ ಈಗಿನ ಪದ್ಧತಿಯನ್ನು ಮುಂದುವರಿಸಬಹುದು. ಆದರೆ ಅದಕ್ಕಿಂತ ಚಿಕ್ಕ ನಿಲುಗಡೆಗಳ ಸಂಖ್ಯೆ ಮತ್ತು ಕಾರಣವನ್ನು ಗಂಟೆವಾರು ಎಣಿಕೆಯ ಪಕ್ಕದಲ್ಲೇ ಗುರುತಿಸಲು ಒಂದು ಅಂಕಣವನ್ನು ಸೇರಿಸಬೇಕೆಂದು ಕೋರುತ್ತೇವೆ. ಚಿಪ್ ಉದ್ದವಾಗಿ ಸುತ್ತಿಕೊಳ್ಳುತ್ತಿರುವುದಕ್ಕೆ ಇನ್ಸರ್ಟ್‌ನ ಚಿಪ್ ಬ್ರೇಕರ್, ಫೀಡ್ ಅಥವಾ ಬದಲಾದ ಬಾರ್ ಲಾಟ್ ಕಾರಣವೇ ಎಂಬುದನ್ನು ನಿರ್ವಹಣಾ ಮತ್ತು ಗುಣಮಟ್ಟ ವಿಭಾಗಗಳು ಮುಂದಿನ ರಾತ್ರಿ ಪಾಳಿಗೆ ಮುನ್ನ ಜೊತೆಯಾಗಿ ಪರಿಶೀಲಿಸಬೇಕು.

ಉತ್ಪಾದನಾ ದಾಖಲೆ ವಿಭಾಗ
13-03-2025