ಸಂಜೆ ಐದರವರೆಗೂ ಪೇಟೆಯಲ್ಲಿ ನಿಂತವರು

ಪ್ರಿಯರೇ, ಈಗ ಓದಿದ್ದು ಮತ್ತಾಯ 20ನೇ ಅಧ್ಯಾಯ, ದ್ರಾಕ್ಷಿತೋಟದ ಕೂಲಿಯಾಳುಗಳ ಕಥೆ. ನಾವು ಸಾಮಾನ್ಯವಾಗಿ ನೇರ ಕೂಲಿಯ ತಕರಾರಿಗೇ ಹೋಗುತ್ತೇವೆ. ಇವತ್ತು ಸ್ವಲ್ಪ ಮೊದಲೇ ನಿಲ್ಲೋಣ, ಆ ಪೇಟೆಯಲ್ಲಿ.

ಸಂಜೆ ಐದು ಗಂಟೆ. ಕೆಲವರು ಇನ್ನೂ ನಿಂತೇ ಇದ್ದಾರೆ. ದಿನವಿಡೀ ಸುಮ್ನೆ ಯಾಕೆ ನಿಂತಿದ್ದೀರಿ ಅಂತ ಯಜಮಾನ ಕೇಳುತ್ತಾನೆ. ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಅನ್ನುತ್ತಾರೆ. ಅಷ್ಟೇ.

ಮಂಜೇಶ್ವರ, ಉಪ್ಪಳ, ಕುಂಬಳೆಯಿಂದ ಬೆಳಿಗ್ಗೆ ಮಂಗಳೂರಿನ ರೈಲು ಹತ್ತುವವರು ಇಲ್ಲಿದ್ದೀರಿ. ಮಾರ್ಚ್ ಹತ್ತಿರ ಬಂದರೆ ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ ಎಂಬ ಚಿಂತೆ. ಮ್ಯಾನೇಜರ್ 'ಐದು ನಿಮಿಷ ಒಳಗೆ ಬನ್ನಿ' ಅಂದರೆ ಎದೆ ಧಸಕ್ಕೆನ್ನುತ್ತದೆ. ಮನೆಯಲ್ಲಿ ಹೇಳಿಕೊಳ್ಳೋದು ಇನ್ನೂ ಕಷ್ಟ, ಅಲ್ವಾ?

ಯಜಮಾನ ಅವರನ್ನು ಸೋಮಾರಿಗಳು ಅನ್ನಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಇದೇ. ಕೇಳಿದ, ಅವರ ಮಾತು ನಂಬಿದ, ನೀವೂ ತೋಟಕ್ಕೆ ಹೋಗಿ ಅಂದ. ಒಂದೇ ಗಂಟೆ ದುಡಿದವರ ಕೈಗೂ ಇಡೀ ದಿನದ ಕೂಲಿ ಕೊಡಿಸಿದ. ಮನೆಯವರ ಹಸಿವು ಗಂಟೆ ಲೆಕ್ಕ ನೋಡುವುದಿಲ್ಲವಲ್ಲ.

ಹಾಗಾದರೆ ಬೆಳಿಗ್ಗೆಯಿಂದ ಬಿಸಿಲಲ್ಲಿ ಬೆವರು ಸುರಿಸಿದವರ ಗೊಣಗಾಟ? ಅವರ ನೋವೂ ಸುಳ್ಳಲ್ಲ. 10ನೇ ವಚನ ತೆಗೆಯಿರಿ, ಅವರ ಮಾತನ್ನೂ ಕೇಳೋಣ.